ಘಟ್ಟ ಇಳಿಯುವಾಗ ಚಾರ್ಜ್ ಏರುವ ಕಾರಿಗೆ ದಾರಿ ಲೆಕ್ಕ ಹಾಕುವುದು ಹೇಗೆ?

ವಿದ್ಯುತ್ ಕಾರು ಘಟ್ಟ ಇಳಿಯುವಾಗ ಅದರ ಮೋಟರು ಜನರೇಟರಿನಂತೆ ಕೆಲಸ ಮಾಡಿ, ಬ್ರೇಕಿನಲ್ಲಿ ಕಾವಾಗಿ ಪೋಲಾಗಬೇಕಿದ್ದ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಆದ್ದರಿಂದ ಅತಿ ಕಡಿಮೆ ಚಾರ್ಜ್ ಖರ್ಚಾಗುವ ದಾರಿಯನ್ನು ಹುಡುಕುವವನ ಲೆಕ್ಕದಲ್ಲಿ ಕೆಲವು ರಸ್ತೆಗಳ ಖರ್ಚು ಸೊನ್ನೆಗಿಂತಲೂ ಕಡಿಮೆ ಇರುತ್ತದೆ. ಇಂಥ ಋಣ ತೂಕದ ರಸ್ತೆಗಳಿದ್ದಾಗಲೂ ಸರಿಯಾದ ಉತ್ತರ ಕೊಡುವ ವಿಧಾನವೊಂದನ್ನು 1950ರ ದಶಕದಲ್ಲಿ ಶಿಂಬೆಲ್, ಫೋರ್ಡ್, ಮೂರ್, ಬೆಲ್‌ಮನ್ ಅವರು ಬೇರೆ ಬೇರೆಯಾಗಿ ರೂಪಿಸಿದರು. ಇಂದು ಅದು ಬೆಲ್‌ಮನ್–ಫೋರ್ಡ್ ಅಲ್ಗಾರಿದಮ್ ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ. ಅದನ್ನು ಐದು ಸ್ಥಳಗಳ ಸಣ್ಣ ನಕ್ಷೆಯೊಂದರ ಮೇಲೆ ಕೈಯಾರೆ ಮಾಡಿ ನೋಡೋಣ.

ನಕ್ಷೆಯನ್ನು ಬರೆದುಕೊಳ್ಳುವುದು

ಸ್ಥಳಗಳನ್ನು ಕ, ಚ, ಟ, ತ, ಪ ಎಂದು ಕರೆಯೋಣ. ಗ್ರಾಫ್ ಸಿದ್ಧಾಂತದಲ್ಲಿ ಇವು ಶೃಂಗಗಳು, ಇವನ್ನು ಜೋಡಿಸುವ ಏಕಮುಖ ರಸ್ತೆಗಳು ಅಂಚುಗಳು. ಹೊರಡುವುದು ಕ ಎಂಬಲ್ಲಿಂದ. ಟ ಎಂಬುದು ಬೆಟ್ಟದ ತುದಿ; ಅಲ್ಲಿಂದ ಚ ಎಂಬಲ್ಲಿಗೆ ಇಳಿದರೆ 3 ಯೂನಿಟ್ ಚಾರ್ಜ್ ಮರಳಿ ಬರುತ್ತದೆ. ಅಂಚುಗಳನ್ನು ಈ ಕ್ರಮದಲ್ಲಿ ಬರೆದುಕೊಳ್ಳಿ:

```
ತ→ಪ   1
ಚ→ತ   2
ಚ→ಪ   4
ಟ→ಚ  -3
ಪ→ಟ   1
ಕ→ಚ   4
ಕ→ಟ   5
```

ಈ ಕ್ರಮವನ್ನು ಬೇಕೆಂದೇ ತಲೆಕೆಳಗು ಮಾಡಿ ಇಡಲಾಗಿದೆ. ಕಾರಣ ಮುಂದೆ ತಿಳಿಯುತ್ತದೆ.

ಸಾಮಾನ್ಯವಾಗಿ ಎಲ್ಲರೂ ಮೊದಲು ಕೈಹಾಕುವ ಡೈಕ್‌ಸ್ಟ್ರಾ ವಿಧಾನ ಇಲ್ಲಿ ಎಡವುತ್ತದೆ. ಆ ವಿಧಾನವು ಪ್ರತಿ ಹಂತದಲ್ಲೂ ಸದ್ಯಕ್ಕೆ ಅತಿ ಅಗ್ಗವಾಗಿ ಕಾಣುವ ಸ್ಥಳವನ್ನು ಆರಿಸಿ, ಅದರ ಲೆಕ್ಕವನ್ನು ಅಲ್ಲಿಗೇ ಮುಗಿಸಿಬಿಡುತ್ತದೆ. ಕ ದಿಂದ ನೋಡಿದಾಗ ಚ 4ಕ್ಕೆ ಸಿಗುತ್ತದೆ, ಟ 5ಕ್ಕೆ ಸಿಗುತ್ತದೆ. ಹಾಗಾಗಿ ಚ ಸ್ಥಳದ ಉತ್ತರ 4 ಎಂದು ಮೊದಲೇ ತೀರ್ಮಾನವಾಗುತ್ತದೆ; ಟ ಮೂಲಕ ಬಂದರೆ 5 − 3 = 2 ಮಾತ್ರ ಖರ್ಚಾಗುತ್ತದೆ ಎಂಬುದು ಗೊತ್ತಾಗುವ ಹೊತ್ತಿಗೆ ಆ ಬಾಗಿಲು ಮುಚ್ಚಿರುತ್ತದೆ. ಎಲ್ಲ ಅಂಚುಗಳಿಗೂ 3 ಕೂಡಿಸಿ ಋಣ ತೂಕವನ್ನೇ ಇಲ್ಲವಾಗಿಸಿದರಾಯಿತಲ್ಲ ಎಂಬ ಉಪಾಯ ಹಲವರಿಗೆ ಹೊಳೆಯುತ್ತದೆ. ಅದೂ ನಡೆಯುವುದಿಲ್ಲ. ಎರಡು ಅಂಚಿನ ದಾರಿಗೆ 6 ಸೇರಿ 8 ಆಗುತ್ತದೆ, ಒಂದೇ ಅಂಚಿನ ದಾರಿಗೆ 3 ಸೇರಿ 7 ಆಗುತ್ತದೆ. ನಿಜವಾಗಿ ದುಬಾರಿಯಾದ ದಾರಿಯೇ ಈಗ ಅಗ್ಗವಾಗಿ ಕಾಣುತ್ತದೆ.

ಒಂದೇ ಕ್ರಿಯೆ, ಮತ್ತೆ ಮತ್ತೆ

ಪ್ರತಿ ಶೃಂಗಕ್ಕೂ ಒಂದು ಅಂದಾಜು ಖರ್ಚನ್ನು ಬರೆದಿಡಬೇಕು. ಕ ಗೆ 0. ಉಳಿದವಕ್ಕೆ ಇನ್ನೂ ದಾರಿ ಗೊತ್ತಿಲ್ಲವಾದ್ದರಿಂದ ಅನಂತ. ಈಗ `u` ದಿಂದ `v` ಗೆ ಹೋಗುವ, `w` ತೂಕದ ಅಂಚನ್ನು ಎತ್ತಿಕೊಂಡು, `u` ವರೆಗಿನ ಅಂದಾಜಿಗೆ `w` ಕೂಡಿಸಿದರೆ ಬರುವ ಮೊತ್ತವು `v` ಯ ಈಗಿನ ಅಂದಾಜಿಗಿಂತ ಕಡಿಮೆಯೇ ಎಂದು ಕೇಳಬೇಕು. ಕಡಿಮೆಯಾಗಿದ್ದರೆ `v` ಯ ಅಂದಾಜನ್ನು ತಿದ್ದಿ, ಅದಕ್ಕೆ `u` ಮೂಲಕ ಬಂದೆವು ಎಂಬುದನ್ನೂ ಗುರುತು ಹಾಕಿಕೊಳ್ಳಬೇಕು. ಇದಕ್ಕೆ ಅಂಚನ್ನು ರಿಲ್ಯಾಕ್ಸ್ ಮಾಡುವುದು ಎನ್ನುತ್ತಾರೆ. ಪಟ್ಟಿಯಲ್ಲಿರುವ ಎಲ್ಲ ಅಂಚುಗಳನ್ನೂ ಒಮ್ಮೆ ಹೀಗೆ ಪರೀಕ್ಷಿಸಿದರೆ ಒಂದು ಸುತ್ತು ಮುಗಿಯಿತು.

ಮೊದಲ ಸುತ್ತಿನಲ್ಲಿ ಮೇಲಿನ ಐದು ಅಂಚುಗಳಿಂದ ಏನೂ ಪ್ರಯೋಜನವಿಲ್ಲ, ಏಕೆಂದರೆ ಅವು ಹೊರಡುವ ಸ್ಥಳಗಳಿಗೇ ನಾವಿನ್ನೂ ತಲುಪಿಲ್ಲ. ಕೊನೆಯ ಎರಡರಿಂದ ಚ ಗೆ 4, ಟ ಗೆ 5 ಸಿಗುತ್ತದೆ. ಎರಡನೆಯ ಸುತ್ತಿನಲ್ಲಿ ತ 6 ಆಗುತ್ತದೆ, ಪ 8 ಆಗುತ್ತದೆ, ಆಮೇಲೆ ಇಳಿಜಾರಿನ ಅಂಚು ಬಂದು ಚ ಯ ಅಂದಾಜನ್ನು 2ಕ್ಕೆ ಇಳಿಸುತ್ತದೆ. ಆದರೆ ಅಷ್ಟರಲ್ಲಿ ಚ ದಿಂದ ಹೊರಡುವ ಅಂಚುಗಳ ಪಾಳಿ ಮುಗಿದಿರುವುದರಿಂದ ಈ ಲಾಭ ತ ಮತ್ತು ಪ ಗಳಿಗೆ ಮುಟ್ಟಲು ಮುಂದಿನ ಸುತ್ತಿನವರೆಗೆ ಕಾಯಬೇಕು. ಮೂರನೆಯ ಸುತ್ತಿನಲ್ಲಿ ಪ ಮೊದಲು 7ಕ್ಕೆ ಇಳಿದು, ತ 4 ಆಗಿ, ಅನಂತರ ಚ→ಪ ಅಂಚಿನಿಂದ ಪ 6 ಆಗುತ್ತದೆ. ನಾಲ್ಕನೆಯದರಲ್ಲಿ ತ→ಪ ಅಂಚು ಪ ವನ್ನು 5ಕ್ಕೆ ತರುತ್ತದೆ.

```
ಸುತ್ತು   ಕ   ಚ   ಟ   ತ   ಪ
  1     0   4   5   ∞   ∞
  2     0   2   5   6   8
  3     0   2   5   4   6
  4     0   2   5   4   5
```

ಗುರುತುಗಳನ್ನು ಪ ದಿಂದ ಹಿಂದಕ್ಕೆ ಓದಿದರೆ ದಾರಿ ಕ→ಟ→ಚ→ತ→ಪ. ಬೆಟ್ಟ ಹತ್ತಿ ಇಳಿದು ಹೋಗುವುದೇ ಮಿತವ್ಯಯ. ಶೃಂಗಗಳಿಗೆ 0 ಯಿಂದ ಸಂಖ್ಯೆ ಕೊಟ್ಟು, ಅವುಗಳ ಎಣಿಕೆಯನ್ನು `n`, ಹೊರಡುವ ಶೃಂಗವನ್ನು `s`, ಅಂಚುಗಳ ಪಟ್ಟಿಯನ್ನು `edges`, ಅಂದಾಜುಗಳನ್ನು `d`, ಗುರುತುಗಳನ್ನು `p` ಎಂದು ಕರೆದರೆ, ಕೋಡಿನಲ್ಲಿ ಇಡೀ ವಿಧಾನ ಇಷ್ಟೇ:

```python
INF = float('inf')
d = [INF] * n
p = [-1] * n
d[s] = 0
for k in range(n - 1):
    changed = False
    for u, v, w in edges:
        if d[u] < INF and d[u] + w < d[v]:
            d[v] = d[u] + w
            p[v] = u
            changed = True
    if not changed:
        break
```

ಒಂದು ಸುತ್ತಿನಲ್ಲಿ ಏನೂ ಬದಲಾಗದಿದ್ದರೆ ಮುಂದೆಯೂ ಬದಲಾಗುವುದಿಲ್ಲವಾದ್ದರಿಂದ ಅಲ್ಲಿಗೇ ನಿಲ್ಲಿಸಬಹುದು. `d[u] < INF` ಎಂಬ ತಪಾಸಣೆಯನ್ನು ಮಾತ್ರ ಬಿಡಬೇಡಿ. ಅನಂತಕ್ಕೆ ಬದಲಾಗಿ 1000000000 ದಂಥ ದೊಡ್ಡ ಪೂರ್ಣಾಂಕ ಬಳಸುವ ಪ್ರೋಗ್ರಾಮುಗಳಲ್ಲಿ, ಎಂದೂ ತಲುಪಲಾಗದ ಶೃಂಗದಿಂದ −3ರ ಅಂಚೊಂದು ಹೊರಟರೆ 999999997 ಎಂಬ ಸಂಖ್ಯೆ ಹುಟ್ಟಿ, ಅದರಾಚೆಯ ಶೃಂಗಕ್ಕೆ ದಾರಿ ಸಿಕ್ಕಿತೆಂಬ ಭ್ರಮೆ ಮೂಡಿಸುತ್ತದೆ. ಉತ್ತರಗಳಲ್ಲಿ ಅನಂತಕ್ಕಿಂತ ಸ್ವಲ್ಪವೇ ಕಡಿಮೆಯಾದ ವಿಚಿತ್ರ ಸಂಖ್ಯೆ ಕಂಡರೆ ಮೊದಲು ಈ ಸಾಲನ್ನೇ ನೋಡಬೇಕು.

ನಾಲ್ಕೇ ಸುತ್ತು ಸಾಕೆಂದು ಹೇಳುವುದು ಹೇಗೆ?

ಐದು ಶೃಂಗಗಳಿಗೆ ನಾಲ್ಕು ಸುತ್ತು, `n` ಶೃಂಗಗಳಿಗೆ `n - 1` ಸುತ್ತು. ಇದನ್ನು ಬಾಯಿಪಾಠ ಮಾಡಿಕೊಳ್ಳುವವರೇ ಹೆಚ್ಚು. ಕಾರಣ ಮಾತ್ರ ಕಷ್ಟದ್ದೇನಲ್ಲ. ಮೂರು ಮಾತುಗಳನ್ನು ಒಂದರ ಮೇಲೊಂದು ಇಟ್ಟರೆ ಸಾಕು.

ಮೊದಲನೆಯದಾಗಿ, ಅಂದಾಜು ಎಂದೂ ನಿಜವಾದ ಕನಿಷ್ಠಕ್ಕಿಂತ ಕೆಳಗೆ ಇಳಿಯುವುದಿಲ್ಲ. ಬರೆದಿಟ್ಟ ಪ್ರತಿಯೊಂದು ಸಂಖ್ಯೆಯೂ ಕ ದಿಂದ ಆ ಸ್ಥಳಕ್ಕೆ ನಿಜವಾಗಿಯೂ ಹೋಗಬಹುದಾದ ಯಾವುದೋ ಒಂದು ದಾರಿಯ ಖರ್ಚು; ಎರಡನೆಯ ಸುತ್ತಿನ ಪ ಎದುರಿಗಿರುವ 8 ಎಂಬುದು ಕ→ಚ→ಪ ದಾರಿಯ ಖರ್ಚಲ್ಲದೆ ಬೇರೇನಲ್ಲ. ನಿಜವಾದ ದಾರಿಯ ಖರ್ಚು ಕನಿಷ್ಠಕ್ಕಿಂತ ಕಡಿಮೆ ಇರಲು ಸಾಧ್ಯವಿಲ್ಲ.

ಎರಡನೆಯದಾಗಿ, `k` ಸುತ್ತುಗಳು ಮುಗಿದಾಗ ಪ್ರತಿ ಶೃಂಗದ ಅಂದಾಜು, ಹೆಚ್ಚೆಂದರೆ `k` ಅಂಚುಗಳುಳ್ಳ ದಾರಿಗಳಲ್ಲಿ ಅತ್ಯಂತ ಅಗ್ಗವಾದುದರ ಖರ್ಚಿಗಿಂತ ಹೆಚ್ಚಿರುವುದಿಲ್ಲ. ಇದೇ ಇಡೀ ವಾದದ ತಿರುಳು. ಕ→ಟ→ಚ→ತ→ಪ ದಾರಿಯನ್ನೇ ನೋಡಿ. ಒಂದನೆಯ ಸುತ್ತಿನಲ್ಲಿ, ಪಟ್ಟಿಯಲ್ಲಿ ಎಲ್ಲಿಯೇ ಇದ್ದರೂ, ಕ→ಟ ಅಂಚು ಒಮ್ಮೆ ಪರೀಕ್ಷೆಗೆ ಬಂದೇ ಬರುತ್ತದೆ. ಆಗ ಟ ಸರಿಯಾಗುತ್ತದೆ, ಮೊದಲ ಮಾತಿನಂತೆ ಅದಕ್ಕಿಂತ ಕೆಳಗೂ ಹೋಗುವುದಿಲ್ಲ. ಎರಡನೆಯ ಸುತ್ತು ಆರಂಭವಾಗುವಾಗ ಟ ಸರಿಯಾಗಿರುವುದರಿಂದ, ಆ ಸುತ್ತಿನಲ್ಲಿ ಟ→ಚ ಅಂಚಿನ ಸರದಿ ಯಾವಾಗ ಬಂದರೂ ಚ ಸರಿಯಾಗುತ್ತದೆ. ಮೂರನೆಯದರಲ್ಲಿ ತ, ನಾಲ್ಕನೆಯದರಲ್ಲಿ ಪ. ನಡುನಡುವೆ ಬೇರೆ ಅಂಚುಗಳು ಏನೇ ತಿದ್ದಿದರೂ ಈ ಸರಪಳಿ ಕೆಡುವುದಿಲ್ಲ, ಏಕೆಂದರೆ ತಿದ್ದುಪಡಿಗಳೆಲ್ಲ ಅಂದಾಜನ್ನು ಇಳಿಸುತ್ತವೆಯೇ ಹೊರತು ಏರಿಸುವುದಿಲ್ಲ. ಒಂದು ಸುತ್ತಿಗೆ ದಾರಿಯ ಕನಿಷ್ಠ ಒಂದು ಅಂಚಾದರೂ ಪಕ್ಕಾ ಆಗುತ್ತದೆ. ಅದೃಷ್ಟವಿದ್ದರೆ ಹೆಚ್ಚೂ ಆಗಬಹುದು: ಇದೇ ಅಂಚುಗಳನ್ನು ಕ→ಟ, ಟ→ಚ, ಚ→ತ, ತ→ಪ ಕ್ರಮದಲ್ಲಿ ಮೊದಲು ಬರೆದಿದ್ದರೆ ಒಂದೇ ಸುತ್ತಿನಲ್ಲಿ ಎಲ್ಲವೂ ಮುಗಿಯುತ್ತಿತ್ತು. ಪಟ್ಟಿಯನ್ನು ತಲೆಕೆಳಗು ಮಾಡಿದ್ದು ಅತ್ಯಂತ ಕೆಟ್ಟ ಪ್ರಸಂಗವನ್ನು ತೋರಿಸಲಿಕ್ಕಾಗಿ.

ಮೂರನೆಯದಾಗಿ, ಅತ್ಯಂತ ಅಗ್ಗವಾದ ದಾರಿಗೆ `n - 1` ಕ್ಕಿಂತ ಹೆಚ್ಚು ಅಂಚುಗಳು ಬೇಕಾಗುವುದಿಲ್ಲ. ಅದಕ್ಕಿಂತ ಉದ್ದದ ದಾರಿಯಲ್ಲಿ ಯಾವುದಾದರೂ ಒಂದು ಶೃಂಗ ಎರಡು ಸಲ ಬರಲೇಬೇಕು. ಅಂದರೆ ನಡುವೆ ಒಂದು ಚಕ್ರ ಹೊಡೆದಿದ್ದೇವೆ. ಆ ಚಕ್ರದ ಒಟ್ಟು ತೂಕ ಋಣವಲ್ಲದಿದ್ದರೆ ಅದನ್ನು ಕತ್ತರಿಸಿ ಹಾಕಿದಾಗ ಖರ್ಚು ಹೆಚ್ಚುವುದಿಲ್ಲ. ನಮ್ಮ ನಕ್ಷೆಯಲ್ಲಿ ಟ→ಚ→ತ→ಪ→ಟ ಎಂಬ ಚಕ್ರದ ತೂಕ −3 + 2 + 1 + 1 = 1, ಹಾಗಾಗಿ ಅದನ್ನು ಸುತ್ತಿ ಬರುವುದರಿಂದ ಲಾಭವಿಲ್ಲ. ಎರಡನೆಯ ಮಾತಿನಲ್ಲಿ `k` ಜಾಗದಲ್ಲಿ `n - 1` ಇಟ್ಟು, ಮೊದಲ ಮಾತನ್ನು ಜೊತೆಗೆ ಓದಿದರೆ, ಅಂದಾಜು ಕನಿಷ್ಠಕ್ಕಿಂತ ಮೇಲೂ ಇಲ್ಲ, ಕೆಳಗೂ ಇಲ್ಲ.

ಐದನೆಯ ಸುತ್ತು ಹೇಳುವ ಸುದ್ದಿ

ಚಕ್ರದ ತೂಕವೇ ಋಣವಾದರೆ? ಪ→ಟ ಅಂಚಿನ ತೂಕವನ್ನು ದಾಖಲಿಸುವಾಗ 1ರ ಬದಲು −1 ಎಂದು ಬಿದ್ದಿದೆ ಎಂದುಕೊಳ್ಳಿ. ಚಕ್ರದ ಮೊತ್ತ ಈಗ −1. ಮೊದಲ ಮೂರು ಸುತ್ತುಗಳಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ನಾಲ್ಕನೆಯದರಲ್ಲಿ ಪ 5 ಆದೊಡನೆ ಟ 4ಕ್ಕೆ ಇಳಿಯುತ್ತದೆ. ಐದನೆಯ ಸುತ್ತು ಓಡಿಸಿ ನೋಡಿದರೆ ಚ 1ಕ್ಕೆ ಇಳಿಯುತ್ತದೆ. ನಾಲ್ಕು ಸುತ್ತುಗಳಲ್ಲಿ ನಿಲ್ಲಬೇಕಾದದ್ದು ನಿಲ್ಲಲಿಲ್ಲವೆಂದರೆ ಎಲ್ಲೋ ಋಣ ಚಕ್ರವಿದೆ ಎಂದೇ ಅರ್ಥ. ಆದ್ದರಿಂದ ಕೊನೆಗೆ ಒಂದು ಹೆಚ್ಚುವರಿ ಸುತ್ತನ್ನು ತಪಾಸಣೆಗಾಗಿಯೇ ಓಡಿಸುತ್ತಾರೆ.

ಋಣ ಚಕ್ರವಿದ್ದೂ ಈ ತಪಾಸಣೆ ಅದನ್ನು ತಪ್ಪಿಸಿಕೊಳ್ಳಲು ಬಿಡಬಹುದೇ? ಇಲ್ಲ. ಯಾವ ಅಂಚೂ ತಿದ್ದುಪಡಿ ಕೇಳದಿದ್ದರೆ ಪ್ರತಿ ಅಂಚಿನಲ್ಲೂ `d[v] <= d[u] + w` ನಿಜವಾಗಿರಬೇಕು. ಚಕ್ರದ ಅಂಚುಗಳಿಗೆ ಇದನ್ನು ಬರೆದು ಕೂಡಿಸಿದರೆ ಎಡಕ್ಕೂ ಬಲಕ್ಕೂ ಅವೇ ಶೃಂಗಗಳ ಅಂದಾಜುಗಳು ಬಂದು ವಜಾ ಆಗಿ, ಚಕ್ರದ ತೂಕ ಸೊನ್ನೆಗಿಂತ ಕಡಿಮೆಯಲ್ಲ ಎಂದು ಉಳಿಯುತ್ತದೆ. ಅದು ಋಣ ಚಕ್ರಕ್ಕೆ ವಿರುದ್ಧ. ಆದರೆ ಈ ವಾದ ಹೊರಟ ಸ್ಥಳದಿಂದ ತಲುಪಬಹುದಾದ ಚಕ್ರಗಳಿಗೆ ಮಾತ್ರ ಸಲ್ಲುತ್ತದೆ; ತಲುಪಲಾಗದ ಮೂಲೆಯಲ್ಲಿರುವ ಋಣ ಚಕ್ರ ಈ ತಪಾಸಣೆಗೆ ಕಾಣುವುದಿಲ್ಲ.

ತಪ್ಪಿರುವ ಚಕ್ರ ಯಾವುದೆಂದು ತಿಳಿಯಲು, ಐದನೆಯ ಸುತ್ತಿನಲ್ಲಿ ಬದಲಾದ ಶೃಂಗದಿಂದ ಗುರುತುಗಳ ಜಾಡು ಹಿಡಿದು `n` ಹೆಜ್ಜೆ ಹಿಂದೆ ಹೋಗಬೇಕು. ಬದಲಾದ ಶೃಂಗ ಚಕ್ರದ ಹೊರಗಿರಬಹುದು, ಆದರೆ ಅಷ್ಟು ಹೆಜ್ಜೆಗಳ ನಂತರ ಚಕ್ರದೊಳಗೆ ಇರುವುದು ಖಚಿತ. ಅಲ್ಲಿಂದ ಅದೇ ಶೃಂಗ ಮತ್ತೆ ಸಿಗುವವರೆಗೆ ನಡೆದರೆ ಚಕ್ರ ಪೂರ್ತಿಯಾಗಿ ಸಿಗುತ್ತದೆ. ಕಾರಿನ ಲೆಕ್ಕದಲ್ಲಿ ಇಂಥ ಚಕ್ರ ಸಿಕ್ಕರೆ ಅದು ದತ್ತಾಂಶದ ದೋಷವೇ ಸರಿ, ಏಕೆಂದರೆ ಹೊರಟ ಜಾಗಕ್ಕೇ ಸುತ್ತಿ ಬಂದು ಚಾರ್ಜ್ ಹೆಚ್ಚಿಸಿಕೊಳ್ಳುವ ಕಾರು ಶಕ್ತಿ ಸಂರಕ್ಷಣೆಯ ನಿಯಮವನ್ನೇ ಮುರಿದಂತಾಗುತ್ತದೆ.

ಇನ್ನು ಈ ಲೆಕ್ಕದ ಒಂದು ಮಿತಿ. ಬೆಟ್ಟದ ತುದಿಯಲ್ಲಿ ಬ್ಯಾಟರಿ ಪೂರ್ತಿ ತುಂಬಿದ್ದರೆ ಇಳಿಜಾರಿನ 3 ಯೂನಿಟ್‌ಗೆ ಒಳಗೆ ಜಾಗವಿರುವುದಿಲ್ಲ. ಟ→ಚ ಅಂಚಿನ ತೂಕ ಆಗ −3 ಅಲ್ಲ, 0. ಹಾಗೆಯೇ ಹೊರಡುವಾಗ 4 ಯೂನಿಟ್ ಮಾತ್ರ ಇದ್ದರೆ, ಒಟ್ಟು ಖರ್ಚು ಕಡಿಮೆ ಎಂಬ ಕಾರಣಕ್ಕೆ 5 ಯೂನಿಟ್ ಬೇಡುವ ಏರನ್ನು ಹತ್ತಲಾಗುವುದಿಲ್ಲ. ತೂಕವು ಬಂದ ದಾರಿಯನ್ನು ಅವಲಂಬಿಸಿ ಬದಲಾಗುವ ಕಡೆ ಮೇಲಿನ ವಿಧಾನವನ್ನು ನೇರವಾಗಿ ಬಳಸಲು ಬರುವುದಿಲ್ಲ. ಆಗ ಪ್ರತಿ ಸ್ಥಳವನ್ನೂ ಅಲ್ಲಿ ಉಳಿದಿರುವ ಚಾರ್ಜ್‌ನ ಮಟ್ಟದೊಂದಿಗೆ ಸೇರಿಸಿ, "ಟ, 3 ಯೂನಿಟ್", "ಟ, 4 ಯೂನಿಟ್" ಎಂದು ಬೇರೆ ಬೇರೆ ಶೃಂಗಗಳಾಗಿ ಒಡೆಯಬೇಕಾಗುತ್ತದೆ. ಶೃಂಗಗಳು ಹೆಚ್ಚಿದಂತೆ ಬೇಕಾಗಬಹುದಾದ ಸುತ್ತುಗಳೂ, ಪ್ರತಿ ಸುತ್ತಿನಲ್ಲಿ ಪರೀಕ್ಷಿಸಬೇಕಾದ ಅಂಚುಗಳೂ ಜೊತೆಜೊತೆಗೆ ಹೆಚ್ಚುವುದರಿಂದ, ಚಾರ್ಜ್‌ನ ಮಟ್ಟಗಳನ್ನು ಎಷ್ಟು ನುಣ್ಣಗೆ ವಿಭಾಗಿಸಬೇಕು ಎಂಬುದನ್ನು ಮೊದಲೇ ತೂಗಿ ನೋಡಬೇಕು.