ಎರಡು ಭಾಷೆ, ಒಂದೇ ಪ್ರಶ್ನೆ: ವಿಜ್ಞಾನದ ದ್ವಿಭಾಷಾ ಪ್ರಶ್ನೆಪತ್ರಿಕೆ ಸಿದ್ಧಪಡಿಸಿದ ನನ್ನ ಅನುಭವ

ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗಾಗಿ ವಿಜ್ಞಾನದ ಪ್ರಶ್ನೆಪತ್ರಿಕೆಯನ್ನು ಕನ್ನಡ ಮತ್ತು ಇಂಗ್ಲಿಷ್ ಮಾಧ್ಯಮಗಳೆರಡಕ್ಕೂ ಸಿದ್ಧಪಡಿಸುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಇಂಗ್ಲಿಷಿನಲ್ಲಿ ಇಡೀ ಪತ್ರಿಕೆಯನ್ನು ಬರೆದು ಮುಗಿಸಿ, ಕೊನೆಗೆ ಕನ್ನಡಕ್ಕೆ ತಿರುಗಿಸುವ ಕ್ರಮವನ್ನು ನಾನು ಅನುಸರಿಸುವುದಿಲ್ಲ. ಮೊದಲು ಮಾದರಿ ಉತ್ತರವನ್ನೂ ಅದರಲ್ಲಿ ಯಾವ ಹಂತಕ್ಕೆ ಎಷ್ಟು ಅಂಕ ಎಂಬುದನ್ನೂ ಬರೆದುಕೊಂಡು, ಆ ಉತ್ತರಕ್ಕೆ ಕರೆದೊಯ್ಯುವ ಪ್ರಶ್ನೆಯನ್ನು ಎರಡೂ ಭಾಷೆಗಳಲ್ಲಿ ಅಕ್ಕಪಕ್ಕದಲ್ಲೇ ರಚಿಸುತ್ತೇನೆ. ಒಂದು ಭಾಷೆಯಲ್ಲಿ ವಾಕ್ಯ ತೊಡಕಾದರೆ ಎರಡನ್ನೂ ಬದಲಾಯಿಸುವ ಸ್ವಾತಂತ್ರ್ಯ ಆಗ ಉಳಿದಿರುತ್ತದೆ.

ಪಾರಿಭಾಷಿಕ ಪದಗಳ ವಿಷಯದಲ್ಲಿ ನನ್ನ ಆಧಾರ ನಿಘಂಟಲ್ಲ, ಮಕ್ಕಳ ಕೈಯಲ್ಲಿರುವ ಪಠ್ಯಪುಸ್ತಕ. ಎರಡೂ ಮಾಧ್ಯಮಗಳ ಪುಸ್ತಕಗಳನ್ನು ಒಂದೇ ಅಧ್ಯಾಯಕ್ಕೆ ತೆರೆದಿಟ್ಟುಕೊಂಡು, ಪತ್ರಿಕೆಯಲ್ಲಿ ಬರಲಿರುವ ಪದಗಳ ಜೋಡಿಪಟ್ಟಿಯನ್ನು ಮೊದಲೇ ಮಾಡಿಕೊಳ್ಳುತ್ತೇನೆ. ‘ಪ್ರತಿರೋಧ’ವೂ ‘ನಾಭಿದೂರ’ವೂ ತಪ್ಪು ಪದಗಳೇನಲ್ಲ, ಆದರೆ ‘ರೋಧ’ ಮತ್ತು ‘ಸಂಗಮದೂರ’ ಎಂದು ಓದಿ ಬಂದ ವಿದ್ಯಾರ್ಥಿಗೆ ಒಂದು ಪ್ರಶ್ನೆಯಲ್ಲಿ ‘ರೋಧ’ ಎಂದೂ ಮುಂದಿನ ಪುಟದಲ್ಲಿ ‘ಪ್ರತಿರೋಧ’ ಎಂದೂ ಕೊಟ್ಟರೆ, ಅವು ಬೇರೆ ಬೇರೆ ಪರಿಮಾಣಗಳಿರಬಹುದೆಂದು ಆತ ಅನುಮಾನಿಸುವುದು ಸಹಜ. ಇಂಗ್ಲಿಷ್ ಆವೃತ್ತಿಯಲ್ಲಿ ಎರಡೂ ಕಡೆ ಒಂದೇ ಪದವಿರುವುದರಿಂದ ಆ ಗೊಂದಲ ಅಲ್ಲಿ ಹುಟ್ಟುವುದೇ ಇಲ್ಲ. ಪತ್ರಿಕೆಯನ್ನು ಇಬ್ಬರು ಮೂವರು ಭಾಗ ಹಂಚಿಕೊಂಡು ರಚಿಸುವಾಗ ಇಂಥದ್ದು ಹೆಚ್ಚಾಗಿ ನುಸುಳುವುದರಿಂದ, ಪಟ್ಟಿ ಸಿದ್ಧವಾಗುವವರೆಗೆ ಯಾರೂ ಪ್ರಶ್ನೆ ಬರೆಯಲು ಕೂರಬಾರದೆಂದು ನಾವು ಒಪ್ಪಿಕೊಂಡಿದ್ದೇವೆ.

ಪದಗಳೆಲ್ಲ ಸರಿಯಾದ ಮೇಲೂ ಕಠಿಣತೆಯ ಮಟ್ಟ ಸಮನಾಗುವುದಿಲ್ಲ. ನನಗೆ ಹೆಚ್ಚು ಸಮಯ ಹಿಡಿಯುವುದು ಈ ಭಾಗವೇ. ಒಂದು ಅಂಕದ ಪ್ರಶ್ನೆಯೊಂದನ್ನು ನೋಡಿ: ‘ಪಿತ್ತಜನಕಾಂಗವು ಸ್ರವಿಸುವ ಜೀರ್ಣರಸ ಯಾವುದು?’ ಅನುವಾದದಲ್ಲಿ ದೋಷವಿಲ್ಲ. ಆದರೆ ‘ಲಿವರ್’ ಎಂಬ ಪದ ‘ಬೈಲ್’ ಎಂಬ ಉತ್ತರದ ಸುಳಿವನ್ನೇ ಕೊಡುವುದಿಲ್ಲ, ಕನ್ನಡದಲ್ಲಾದರೋ ಅಂಗದ ಹೆಸರಿನಲ್ಲೇ ಪಿತ್ತವಿದೆ. ಒಬ್ಬ ವಿದ್ಯಾರ್ಥಿ ನೆನಪಿನಿಂದ ಉತ್ತರಿಸಬೇಕು, ಇನ್ನೊಬ್ಬ ಪ್ರಶ್ನೆಯನ್ನು ಓದಿದರೆ ಸಾಕು. ಹಾಗಾಗಿ ಇದನ್ನು ಕೈಬಿಟ್ಟು, ‘ಪಿತ್ತರಸವು ಸಣ್ಣ ಕರುಳನ್ನು ತಲುಪದಿದ್ದರೆ ಕೊಬ್ಬಿನ ಜೀರ್ಣಕ್ರಿಯೆಗೆ ಆಗುವ ಎರಡು ತೊಂದರೆಗಳನ್ನು ತಿಳಿಸಿ’ ಎಂದು ಎರಡು ಅಂಕಗಳಿಗೆ ಕೇಳಿದೆ. ಜಠರದಿಂದ ಬಂದ ಆಮ್ಲೀಯ ಆಹಾರವು ಪ್ರತ್ಯಾಮ್ಲೀಯವಾಗುವುದಿಲ್ಲ, ಕೊಬ್ಬಿನ ದೊಡ್ಡ ಗೋಳಗಳು ಸಣ್ಣವಾಗಿ ಒಡೆಯುವುದಿಲ್ಲ ಎಂಬ ಉತ್ತರವನ್ನು ಎರಡೂ ಭಾಷೆಗಳ ವಿದ್ಯಾರ್ಥಿಗಳು ತಿಳಿವಳಿಕೆಯಿಂದಲೇ ಬರೆಯಬೇಕಾಗುತ್ತದೆ. ಸಮೀಪ ದೃಷ್ಟಿ ದೋಷ, ಬಹಿರುಷ್ಣಕ ಕ್ರಿಯೆ ಮುಂತಾದ ಕಡೆಗಳಲ್ಲೂ ವ್ಯಾಖ್ಯೆಯನ್ನು ಕೇಳದೆ ಅನ್ವಯವನ್ನು ಕೇಳುವುದು ನನ್ನ ರೂಢಿಯಾಗಿದೆ.

ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಲ್ಲಿ ವ್ಯಾಕರಣವೇ ಉತ್ತರವನ್ನು ಬಿಟ್ಟುಕೊಡುತ್ತದೆ. ಖಾಲಿ ಗೆರೆಯ ಮುಂದೆ ‘ವನ್ನು’ ಎಂದಿದ್ದರೆ ಉತ್ತರ ಅಕಾರಾಂತ ಇಲ್ಲವೇ ಉಕಾರಾಂತ ಪದವೆಂದೂ, ‘ಯನ್ನು’ ಎಂದಿದ್ದರೆ ಇಕಾರಾಂತ ಇಲ್ಲವೇ ಎಕಾರಾಂತವೆಂದೂ ಚುರುಕಾದ ಹುಡುಗಿ ಗುರುತಿಸುತ್ತಾಳೆ. ಇಂಗ್ಲಿಷಿಗೂ ಇದೇ ಕಾಯಿಲೆಯುಂಟು: ಗೆರೆಯ ಹಿಂದೆ ‘ಆ್ಯನ್’ ಇದ್ದು, ಆಯ್ಕೆಗಳಲ್ಲಿ ಅಮ್ಮೀಟರ್, ವೋಲ್ಟ್‌ಮೀಟರ್, ಗ್ಯಾಲ್ವನೋಮೀಟರ್ ಇದ್ದರೆ ವಿಜ್ಞಾನ ತಿಳಿಯದಿದ್ದರೂ ಅಂಕ ಸಿಗುತ್ತದೆ. ಆದ್ದರಿಂದ ಪ್ರತ್ಯಯದ ಅಗತ್ಯ ಬೀಳದಂತೆ, ಉತ್ತರವು ಪ್ರಥಮಾ ವಿಭಕ್ತಿಯಲ್ಲೇ ಬರುವಂತೆ ವಾಕ್ಯವನ್ನು ತಿರುವುತ್ತೇನೆ.

ಲೆಕ್ಕಗಳಲ್ಲಿ ತೊಂದರೆ ಕನ್ನಡದ ಕಡೆಗೆ ವಾಲುತ್ತದೆ. ‘20 ಸೆಂ.ಮೀ. ಸಂಗಮದೂರವುಳ್ಳ ಪೀನ ಮಸೂರದಿಂದ 30 ಸೆಂ.ಮೀ. ದೂರದಲ್ಲಿ ಇರಿಸಲಾದ ವಸ್ತುವಿನಿಂದ ಉಂಟಾಗುವ ಪ್ರತಿಬಿಂಬದ ಸ್ಥಾನವನ್ನು ಕಂಡುಹಿಡಿಯಿರಿ’ ಎಂಬ ವಾಕ್ಯದಲ್ಲಿ ಏನು ಕೇಳಿದ್ದಾರೆಂಬುದು ತುದಿಯವರೆಗೆ ತಿಳಿಯುವುದಿಲ್ಲ. ಮಸೂರಕ್ಕೊಂದು, ವಸ್ತುವಿಗೊಂದು, ಪ್ರಶ್ನೆಗೊಂದು ಎಂದು ಮೂರು ವಾಕ್ಯ ಮಾಡಿ, ಇಂಗ್ಲಿಷನ್ನೂ ಹಾಗೆಯೇ ಒಡೆಯುತ್ತೇನೆ. ಉತ್ತರ ಎರಡರಲ್ಲೂ v = +60 cm; ಓದುವ ಶ್ರಮವೂ ಈಗ ಹೆಚ್ಚುಕಡಿಮೆ ಒಂದೇ. ಚಿತ್ರಗಳ ಭಾಗಗಳಿಗೆ ಪದಗಳ ಬದಲು A, B ಎಂಬ ಗುರುತು ಹಾಕಿ, ಒಂದೇ ಚಿತ್ರವನ್ನು ಎರಡಕ್ಕೂ ಬಳಸುತ್ತೇನೆ.

ಪತ್ರಿಕೆ ಮುದ್ರಣಕ್ಕೆ ಹೋಗುವ ಮೊದಲು, ಅದರ ರಚನೆಯಲ್ಲಿ ಭಾಗಿಯಾಗದ ಇಬ್ಬರು ಶಿಕ್ಷಕರು ಒಬ್ಬೊಬ್ಬರು ಒಂದೊಂದು ಭಾಷೆಯದನ್ನು ಮಾತ್ರ ನೋಡಿ ಪೂರ್ತಿ ಉತ್ತರ ಬರೆಯುತ್ತಾರೆ. ಕಣ್ಣಾಡಿಸಿ ‘ಸರಿಯಾಗಿದೆ’ ಎನ್ನುವ ಪರಿಶೀಲನೆಯ ಮೇಲೆ ನನಗೆ ನಂಬಿಕೆಯಿಲ್ಲ, ಏಕೆಂದರೆ ಎರಡೂ ಭಾಷೆ ಬಲ್ಲವರು ಒಂದರ ಕೊರತೆಯನ್ನು ಇನ್ನೊಂದರಿಂದ ಅರಿವಿಲ್ಲದೆ ತುಂಬಿಕೊಂಡುಬಿಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಎರಡು ಮಾಧ್ಯಮಗಳ ಸರಾಸರಿ ಅಂಕಗಳನ್ನು ನಾನು ಹೋಲಿಸುವುದಿಲ್ಲ. ಪ್ರಶ್ನೆಗಳನ್ನು ಸುಲಭದಿಂದ ಕಠಿಣದವರೆಗೆ ಪ್ರತಿ ಮಾಧ್ಯಮದಲ್ಲಿ ಪ್ರತ್ಯೇಕವಾಗಿ ಜೋಡಿಸಿ, ಯಾವ ಪ್ರಶ್ನೆಯ ಸ್ಥಾನ ಬಹಳ ಪಲ್ಲಟವಾಗಿದೆಯೆಂದು ನೋಡುತ್ತೇನೆ. ಹಾಗೆ ಪಲ್ಲಟವಾದದ್ದೆಲ್ಲ ಭಾಷೆಯ ದೋಷವೇ ಆಗಿರಬೇಕಿಲ್ಲ. ಒಂದು ಶಾಲೆಯಲ್ಲಿ ಆ ಪಾಠವೇ ಮುಗಿದಿರದಿದ್ದರೂ ಹೀಗಾಗುತ್ತದೆ, ಅದನ್ನು ಆಯಾ ಶಿಕ್ಷಕರಲ್ಲಿ ವಿಚಾರಿಸಿಯೇ ತಿಳಿಯಬೇಕು.