ಬೀಜ ಗಲಗಲ ಅಂದರೂ ಒಣಗಿರಲಿಲ್ಲ

ನಮ್ಮದು ಸಿರುಗುಪ್ಪ. ಮೆಣಸಿನಕಾಯಿ ಅಂದರೆ ಮಾಳಿಗೆ ಮೇಲೆ ಹಾಸಿ ಒಣಗಿಸುವುದೇ ರೂಢಿ. ಒಂದು ಡಿಸೆಂಬರಿನಲ್ಲಿ ತೋಟದಿಂದ ನಾಲ್ಕು ಕಿಲೋ ಹಣ್ಣು ಬ್ಯಾಡಗಿ ಬಂತು, ಅದೇ ದಿನ ಮೋಡವೂ ಕವಿಯಿತು. ಹಣ್ಣು ಒಣಗಿಸಲು ತಂದಿದ್ದ ಡಿಹೈಡ್ರೇಟರಿಗೇ ತುಂಬಿಸಿದೆ.

ಮೊದಲ ಎರಡು ಕಿಲೋ ಕೆಟ್ಟಿತು. ಬೇಗ ಆಗಲಿ ಅಂತ ಇಡೀ ಕಾಯಿಯನ್ನು 70 ಡಿಗ್ರಿಯಲ್ಲಿ ಇಟ್ಟಿದ್ದೆ. ಎಂಟು ಗಂಟೆಗೆ ಸಿಪ್ಪೆ ಗರಿಗರಿ, ಬಣ್ಣ ಮಾತ್ರ ಸ್ವಲ್ಪ ಕಪ್ಪು. ಅತ್ತೆ ಕಿವಿ ಹತ್ತಿರ ಅಲ್ಲಾಡಿಸಿ, "ಬೀಜ ಗಲಗಲ ಅಂತಾವ, ಆತು ತಗಿಯವ್ವ" ಅಂದರು. ಡಬ್ಬಿಗೆ ಹಾಕಿದೆ. ಹತ್ತು ದಿನ ಬಿಟ್ಟು ಒಂದನ್ನು ಮುರಿದರೆ ತೊಟ್ಟಿನ ಬುಡದಲ್ಲಿ ಬೂದು ಬೂಷ್ಟು! ತುದಿಯ ಬೀಜ ಒಣಗಿ ಸದ್ದು ಮಾಡಿತ್ತು, ತೊಟ್ಟಿನ ಕಡೆ ತೇವ ಹಾಗೇ ಇತ್ತು. ಮೆಣಸಿನಕಾಯಿ ಸಿಪ್ಪೆ ಮೇಣದ ಹಾಗೆ, ನೀರು ಬಿಡುವುದೇ ನಿಧಾನ. ಬಿಸಿಲಲ್ಲಿ ದಿನಗಟ್ಟಲೆ ಬಿದ್ದಿರುವ ಕಾಯಿಗೆ ಅತ್ತೆಯ ಪರೀಕ್ಷೆ ಸರಿ. ಎಂಟು ಗಂಟೆಯ ಯಂತ್ರಕ್ಕೆ ಸಾಲದು. ಬೂಷ್ಟು ಕೆರೆದು ಉಳಿಸಿಕೊಳ್ಳುವ ಮಾತೇ ಇಲ್ಲ, ಎಲ್ಲ ಎಸೆದೆ.

ಉಳಿದದ್ದನ್ನು ತೊಟ್ಟು ತೆಗೆದು ಉದ್ದಕ್ಕೆ ಸೀಳಿದೆ. (ಕೈಗೆ ಎಣ್ಣೆ ಸವರಿಕೊಳ್ಳಿ, ಇಲ್ಲದಿದ್ದರೆ ರಾತ್ರಿಯೆಲ್ಲ ಉರಿ.) ಒಂದರ ಮೇಲೊಂದು ಬೀಳದಂತೆ ಹರವಿ 55 ಡಿಗ್ರಿಗೆ ಇಟ್ಟೆ. ಯಂತ್ರವನ್ನು ಅಡುಗೆಮನೆಯಲ್ಲಿ ಇಡಬೇಡಿ, ಘಾಟಿಗೆ ಮನೆಮಂದಿಯೆಲ್ಲ ಕೆಮ್ಮುತ್ತಾರೆ. ನಾಲ್ಕು ಗಂಟೆಗೊಮ್ಮೆ ಮೇಲಿನ ತಟ್ಟೆ ಕೆಳಗೆ, ಕೆಳಗಿನದು ಮೇಲೆ.

ಈ ಸಲ ತೂಕವನ್ನು ನಂಬಿದೆ. ಒಂದು ಕಿಲೋ ಹಾಕಿದ್ದು ಒಂಬತ್ತು ಗಂಟೆಗೆ 320 ಗ್ರಾಂ, ಹತ್ತಕ್ಕೆ 295, ಹನ್ನೊಂದಕ್ಕೆ 284. ಹನ್ನೆರಡಕ್ಕೆ 281. ತೂಕ ಇಳಿಯುವುದು ಹೆಚ್ಚುಕಡಿಮೆ ನಿಂತಿತು, ನಾನೂ ನಿಲ್ಲಿಸಿದೆ. ಆಮೇಲೆ ಪೂರ್ತಿ ಆರಲು ಬಿಟ್ಟು, ದಪ್ಪನೆಯ ಕಾಯಿ ಆರಿಸಿ ತೊಟ್ಟಿದ್ದ ಕಡೆಯೇ ಮುರಿದೆ. ಚಟ್ ಅಂದರೆ ಆಯಿತು, ಬಾಗಿದರೆ ಇನ್ನೂ ಬೇಕು. ಬಿಸಿ ಇರುವಾಗ ನೋಡಿದರೆ ಒಣಗಿದ್ದೂ ಮೆತ್ತಗೆ ಅನ್ನಿಸುತ್ತದೆ.

ಮಾವಿನಹಣ್ಣಿಗೆ ಇದು ಉಲ್ಟಾ. ಅರ್ಧ ಸೆಂಟಿಮೀಟರ್ ಹೋಳು 57 ಡಿಗ್ರಿಯಲ್ಲಿ ಹತ್ತು ಗಂಟೆ ಹಿಡಿಯುತ್ತದೆ. ಚಟ್ ಅಂದರೆ ಜಾಸ್ತಿ ಆಯಿತು ಅಂತ ಅರ್ಥ. ಚರ್ಮದ ಹಾಗೆ ಬಾಗಬೇಕು, ಹರಿದು ಹಿಂಡಿದರೆ ಹನಿ ಬರಬಾರದು. ಕರಿಬೇವಿಗೆ 40 ಡಿಗ್ರಿ, ಮೂರು ಗಂಟೆ ಸಾಕು. ಕೈಯಲ್ಲಿ ಹಿಸುಕಿದರೆ ಪುಡಿಯಾಗಬೇಕು. ಬಿಸಿ ಜಾಸ್ತಿಯಾದರೆ ಘಮ ಹೋಗುತ್ತದೆ.

ಓವನ್ ಇದ್ದವರು ಮೊದಲು ಅದರ ತೀರಾ ಕಡಿಮೆ ಬಿಸಿ ಎಷ್ಟು ನೋಡಿ. ಒಳಗೆ ಬೇರೆ ಥರ್ಮಾಮೀಟರ್ ಇಟ್ಟು 60ರ ಒಳಗೆ ನಿಲ್ಲುತ್ತದಾ ಅಂತ ಖಾತ್ರಿ ಮಾಡಿಕೊಳ್ಳಿ. ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಸ್ವಲ್ಪ ತೆರೆದಿಡಿ. ಆವಿ ಹೊರಗೆ ಹೋಗದಿದ್ದರೆ ಕಾಯಿ ಬೇಯುತ್ತದೆ, ಒಣಗುವುದಿಲ್ಲ.

ಈಗ ನೇರ ಡಬ್ಬಿಗೆ ಹಾಕುವುದಿಲ್ಲ. ಗಾಜಿನ ಜಾಡಿಯಲ್ಲಿ ಮುಕ್ಕಾಲು ತುಂಬಿ, ಒಂದು ವಾರ ದಿನಾ ಅಲ್ಲಾಡಿಸುತ್ತೇನೆ. ಹೋದ ಸಲ ಮೂರನೇ ದಿನ ಮಾವಿನ ಜಾಡಿಯ ಒಳಗೋಡೆ ಮಂಜು ಹಿಡಿದಿತ್ತು. ಬೂಷ್ಟು ಇರಲಿಲ್ಲ. ಹೋಳುಗಳು ಇನ್ನೆರಡು ಗಂಟೆ ಯಂತ್ರಕ್ಕೆ ವಾಪಸ್ ಹೋದವು.