ಅಲಂಕಾರದ ಪಟ್ಟಿ ಎಲ್ಲಿ ನಿಲ್ಲುತ್ತದೆ, ನುಡಿಸುವವರ ಕೆಲಸ ಎಲ್ಲಿ ಶುರುವಾಗುತ್ತದೆ

1720ರಲ್ಲಿ ಬಾಖ್ ತನ್ನ ಹಿರಿಯ ಮಗ ವಿಲ್ಹೆಲ್ಮ್ ಫ್ರೀಡೆಮಾನ್‌ಗಾಗಿ ಒಂದು ಪಾಠದ ಪುಸ್ತಕ ಶುರುಮಾಡಿದ. ಹುಡುಗನಿಗೆ ಆಗ ಒಂಬತ್ತು ವರ್ಷ. ಆ ಪುಸ್ತಕದ ಆರಂಭದಲ್ಲೇ ಹದಿಮೂರು ಅಲಂಕಾರಗಳ ಪಟ್ಟಿಯಿದೆ. ಮೇಲಿನ ಸಾಲಿನಲ್ಲಿ ಗುರುತು, ಅದರ ಕೆಳಗೆ ಅದನ್ನು ನುಡಿಸುವ ಬಗೆ. ಬರೋಕ್ ಸಂಗೀತ ಕಲಿಯುವವರೆಲ್ಲ ಒಂದಲ್ಲ ಒಂದು ದಿನ ಈ ಪಟ್ಟಿಯ ಎದುರು ಕೂರುತ್ತಾರೆ. ಬಾಖ್‌ಗೆ ಫ್ರೆಂಚರ ಪಟ್ಟಿಯೂ ಗೊತ್ತಿತ್ತು: ದಾಂಗ್ಲೆಬೆರ್ 1689ರಲ್ಲಿ ಹಾರ್ಪ್ಸಿಕಾರ್ಡ್ ಕೃತಿಗಳ ಜೊತೆ ಅಚ್ಚು ಹಾಕಿಸಿದ ಇಪ್ಪತ್ತೊಂಬತ್ತು ಅಲಂಕಾರಗಳ ಪಟ್ಟಿಯನ್ನು ಅವನು ಸ್ವಂತ ಕೈಯಿಂದ ನಕಲು ಮಾಡಿಕೊಂಡಿದ್ದ.

ಈ ಪಟ್ಟಿಗಳಿಂದ ಖಚಿತವಾಗಿ ಸಿಗುವುದು ಅಲಂಕಾರದ ಆಕಾರ. ಟ್ರಿಲ್ ಮೇಲಿನ ಸ್ವರದಿಂದ ಶುರುವಾಗಿ ಮೂಲ ಸ್ವರದ ಜೊತೆ ಬೇಗ ಬೇಗ ಅದಲುಬದಲಾಗಿ ಬಡಿಯುತ್ತದೆ, ಮಾರ್ಡೆಂಟ್ ಮೂಲ ಸ್ವರದಿಂದ ಶುರುವಾಗಿ ಕೆಳಗಿನ ಸ್ವರವನ್ನು ಮುಟ್ಟಿ ವಾಪಸು ಬರುತ್ತದೆ, ಅಪೊಜಿಯಾಟುರ ಪಕ್ಕದ ಸ್ವರದ ಮೇಲೆ ಒರಗಿ ಮೂಲ ಸ್ವರಕ್ಕೆ ಬರುತ್ತದೆ. ಆದರೆ ಬಾಖ್‌ನ ಪಟ್ಟಿಯಲ್ಲಿ ಪ್ರತಿ ಅಲಂಕಾರವೂ ಒಂಟಿ ಸ್ವರದ ಮೇಲೆ ನಿಂತಿದೆ. ಅದರ ಹಿಂದೆ ಯಾವ ಸ್ವರ ಬಂದಿತ್ತು, ಮುಂದೆ ಎಲ್ಲಿಗೆ ಹೋಗಬೇಕು, ಕೆಳಗೆ ಬೇಸ್‌ನಲ್ಲಿ ಏನಿದೆ ಎಂಬುದು ಅಲ್ಲಿಲ್ಲ. ಅಲಂಕಾರ ಎಷ್ಟು ಉದ್ದ, ಎಷ್ಟು ವೇಗ, ಈ ಜಾಗದಲ್ಲಿ ಬೇಕೋ ಬೇಡವೋ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದು ಆ ಮೂರರಿಂದಲೇ. ನನ್ನ ಮಟ್ಟಿಗೆ ಮೂರರಲ್ಲಿ ದೊಡ್ಡದು ಬೇಸ್. ಗಮಕಕ್ಕೆ ಪಳಗಿದ ಕಿವಿ ರಾಗವನ್ನು ಕೇಳಿ ನಿರ್ಧರಿಸುತ್ತದೆ. ಇಲ್ಲಿ ಕೇಳಬೇಕಾದ್ದು ಕೆಳಗಿನ ಸ್ವರವನ್ನು.

ಏನನ್ನಾದರೂ ಸೇರಿಸುವ ಮೊದಲು, ಬರೆದವರು ಈಗಾಗಲೇ ಎಷ್ಟು ಸೇರಿಸಿದ್ದಾರೆ ಎಂದು ನೋಡಿಕೊಳ್ಳುತ್ತೇನೆ. ಫ್ರೆಂಚ್ ಸಂಯೋಜಕ ಕೂಪೆರಾಂ ತನ್ನ ಅಲಂಕಾರಗಳನ್ನೆಲ್ಲ ಗುರುತು ಹಾಕಿಯೇ ಕೊಟ್ಟಿದ್ದಾನೆ. ಜನ ಅವುಗಳನ್ನು ಗಮನಿಸದೆ ನುಡಿಸುತ್ತಾರೆ ಎಂದು ಹಾರ್ಪ್ಸಿಕಾರ್ಡ್ ಕೃತಿಗಳ 1722ರ ಮೂರನೇ ಸಂಪುಟದ ಮುನ್ನುಡಿಯಲ್ಲಿ ಬೇಸರವನ್ನೂ ತೋಡಿಕೊಂಡಿದ್ದಾನೆ. ಅಲ್ಲಿ ಹಾಕಿರುವುದನ್ನು ಚೆನ್ನಾಗಿ ನುಡಿಸಿದರೆ ಸಾಕು. ಕೊರೆಲ್ಲಿಯ ವಯೊಲಿನ್ ಸೊನಾಟಾಗಳ ನಿಧಾನದ ಭಾಗಗಳಲ್ಲಿ ಇದು ತಲೆಕೆಳಗು: ಪುಟದಲ್ಲಿರುವುದು ಬರೀ ಅಸ್ಥಿಪಂಜರ, ತುಂಬುವುದು ನುಡಿಸುವವರ ಹೊಣೆ. ಬಾಖ್ ಇನ್ನೊಂದು ಬಗೆ. ಬೇರೆಯವರು ನುಡಿಸುವವರಿಗೆ ಬಿಟ್ಟುಬಿಡುವುದನ್ನು ಅವನು ಪೂರ್ತಿ ಸ್ವರಗಳಲ್ಲೇ ಬರೆದುಬಿಡುತ್ತಾನೆ. ವಿಮರ್ಶಕ ಶೈಬೆ 1737ರಲ್ಲಿ ಅದನ್ನೇ ದೋಷವೆಂದು ಟೀಕಿಸಿದ. ಹಾಗಾಗಿ ಬಾಖ್‌ನಲ್ಲಿ ಸಣ್ಣ ಸ್ವರಗಳ ಗೊಂಚಲು ಕಂಡರೆ ಅದು ಆಗಲೇ ಬರೆದಿಟ್ಟ ಅಲಂಕಾರ ಎಂದು ತಿಳಿಯಬೇಕು. ಅದರ ಮೇಲೆ ಟ್ರಿಲ್ ಹೇರಿದರೆ ರಾಗದ ಗೆರೆಯೇ ಕಾಣದಂತಾಗುತ್ತದೆ.

ಬಾಖ್‌ನ ಇಂಗ್ಲಿಷ್ ಸೂಟ್‌ಗಳಲ್ಲಿ ಎರಡನೆಯದರ ಮತ್ತು ಮೂರನೆಯದರ ಸಾರಾಬಾಂದ್ ಎಂಬ ನಿಧಾನದ ನೃತ್ಯಭಾಗಗಳು ಈ ವಿಷಯಕ್ಕೆ ಸಿಗುವ ಅತ್ಯುತ್ತಮ ಪಾಠ. ಬಾಖ್ ಮೊದಲು ಸಾದಾ ರೂಪ ಬರೆದು, ಅದರ ಹಿಂದೆಯೇ ಅದೇ ಸಾರಾಬಾಂದ್‌ನ ಅಲಂಕೃತ ರೂಪವನ್ನೂ ಬರೆದಿದ್ದಾನೆ. ಎರಡನ್ನೂ ಒಂದರ ಕೆಳಗೊಂದು ನಕಲು ಮಾಡಿಕೊಂಡು, ಪ್ರತಿ ಬಾರ್‌ನಲ್ಲಿ ಏನು ಬದಲಾಗಿದೆ, ಏನು ಬದಲಾಗಿಲ್ಲ ಎಂದು ಗುರುತು ಹಾಕಿ ನೋಡಿ. ಯಾವ ಪಟ್ಟಿಗಿಂತಲೂ ಹೆಚ್ಚು ಅದರಿಂದ ಗೊತ್ತಾಗುತ್ತದೆ. ಬದಲಾಗದೆ ಉಳಿದದ್ದರ ಮೇಲೆ ಹೆಚ್ಚು ಗಮನವಿರಲಿ.

ಈಗ ಒಂದು ಪುಟ್ಟ ಉದಾಹರಣೆ. ಪಾಠಕ್ಕೆಂದೇ ಮಾಡಿಕೊಂಡ ನಾಲ್ಕು ಬಾರ್, ಎ ಮೈನರ್, ಮೂರು ಬೀಟ್‌ನ ಸಾರಾಬಾಂದ್. ಬೇಸ್ ಮೊದಲ ಬಾರ್‌ನಲ್ಲಿ ಎ, ಎರಡನೆಯದರಲ್ಲಿ ಜಿ ಶಾರ್ಪ್. ಮೂರನೆಯದರಲ್ಲಿ ಒಂದು ಬೀಟ್ ಡಿ, ಎರಡು ಬೀಟ್ ಇ. ಕೊನೆಗೆ ಎ. ಮೇಲಿನ ರಾಗ ಇನ್ನೂ ಸರಳ: ಪ್ರತಿ ಬಾರ್‌ನಲ್ಲೂ ಮೊದಲ ಸ್ವರಕ್ಕೆ ಒಂದು ಬೀಟ್, ಎರಡನೆಯದಕ್ಕೆ ಎರಡು ಬೀಟ್. ಮೊದಲ ಬಾರ್ ಇ–ಸಿ, ಎರಡನೆಯದು ಡಿ–ಬಿ, ಮೂರನೆಯದು ಮತ್ತೆ ಡಿ–ಬಿ, ನಾಲ್ಕನೆಯದು ಮೂರು ಬೀಟ್‌ನ ಎ. ಮೊದಲ ಸಲ ಇದನ್ನು ಹೀಗೇ, ಬರಿದಾಗಿ ನುಡಿಸುತ್ತೇನೆ. ಕೇಳುವವರ ಕಿವಿಯಲ್ಲಿ ಸಾದಾ ರೂಪ ಕೂರದಿದ್ದರೆ ಪುನರಾವರ್ತನೆಯಲ್ಲಿ ಸೇರಿಸಿದ್ದು ಸೇರಿಸಿದ್ದೆಂದೇ ತಿಳಿಯುವುದಿಲ್ಲ.

ಪುನರಾವರ್ತನೆಗೆ ಕೆಲಸ ಶುರುಮಾಡುವುದು ಕೊನೆಯಿಂದ. ಮೂರನೇ ಬಾರ್‌ನ ಬಿ ಮೇಲೆ ಮುಕ್ತಾಯದ ಟ್ರಿಲ್ ಇರಲೇಬೇಕು. ಗುರುತು ಇರಲಿ ಬಿಡಲಿ, ಆ ಕಾಲದ ಕಿವಿ ಅದನ್ನು ಎದುರುನೋಡುತ್ತಿತ್ತು. ಟ್ರಿಲ್ ಸಿ ಇಂದ ಶುರು. ಹಿಂದಿನ ಸ್ವರ ಡಿ ಆದ್ದರಿಂದ ಡಿ–ಸಿ–ಬಿ ಎಂದು ಮೆಟ್ಟಿಲಿಳಿದಂತೆ ಬರುತ್ತದೆ, ಅನುಕೂಲವೇ ಆಯಿತು. ನುಡಿಸುವ ಬಗೆಗೆ ಕೂಪೆರಾಂ 1716ರಲ್ಲಿ ಹೇಳಿದ್ದನ್ನು ಹಿಡಿಯುತ್ತೇನೆ: ಮೊದಲು ಮೇಲಿನ ಸ್ವರದ ಮೇಲೆ ಒರಗು, ಆಮೇಲೆ ಬಡಿತ, ಕೊನೆಗೆ ನಿಲುಗಡೆ, ಬಡಿತ ನಿಧಾನವಾಗಿ ಶುರುವಾಗಿ ಗೊತ್ತಾಗದಂತೆ ವೇಗ ಪಡೆಯಬೇಕು. ನಿಮಿಷಕ್ಕೆ 60 ಬೀಟ್‌ನಲ್ಲಿ ಬಿಗೆ ಎರಡು ಸೆಕೆಂಡ್ ಸಿಗುತ್ತದೆ. ಮೊದಲ ಅರ್ಧ ಬೀಟ್ ಸಿ ಮೇಲೆ ಒರಗಿ, ಮುಂದಿನ ಒಂದು ಬೀಟ್‌ನಲ್ಲಿ ಬಡಿದು ಬಿ ಮೇಲೆ ನಿಲ್ಲಿಸಿ, ಉಳಿದ ಅರ್ಧ ಬೀಟ್‌ನಲ್ಲಿ ಎ ಮುಟ್ಟುತ್ತೇನೆ. ಬಡಿತ ಎಷ್ಟು ಎಂದು ಎಣಿಸುವುದು ಬೇಡ. ಆದರೆ ಶುರುವಿನಿಂದ ಕೊನೆಯವರೆಗೆ ಒಂದೇ ವೇಗವಿದ್ದರೆ ಅದು ಕಾಲಿಂಗ್ ಬೆಲ್ಲಿನಂತೆ ಕೇಳುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಎರಡು. ಮೊದಲನೆಯದು, ಡಿ ಇಂದ ಬಿಗೆ ಇಳಿಯುವಾಗ ನಡುವೆ ಸಿ ತುಂಬಿಸಿ, ಟ್ರಿಲ್ಲನ್ನೂ ಮತ್ತೆ ಸಿ ಇಂದಲೇ ಶುರುಮಾಡುವುದು. ಒಂದೇ ಸ್ವರ ಎರಡು ಸಲ ಬಡಿದು ಗೆರೆ ಅಲ್ಲೇ ಮುಗ್ಗರಿಸುತ್ತದೆ. ಸಿ ತುಂಬಿಸಲೇಬೇಕೆಂದರೆ ಅದನ್ನು ಬಿಡದೆ ಹಿಡಿದುಕೊಂಡು, ಟ್ರಿಲ್ಲಿನ ಮೊದಲ ಸಿ ಮತ್ತೆ ಒತ್ತದೆ, ಬಿ ಇಂದ ಬಡಿತ ಮುಂದುವರಿಸಬೇಕು. ಫ್ರೆಂಚರ ಪದ್ಧತಿಯಲ್ಲಿ ಇದಕ್ಕೆ ಜಾಗವಿದೆ. ಎರಡನೆಯದು, ಬಲಗೈ ಸಿ ಮೇಲೆ ಒರಗಿರುವಾಗಲೇ ಎಡಗೈಯೋ ಪಕ್ಕವಾದ್ಯದವರೋ ಇ–ಜಿ ಶಾರ್ಪ್–ಬಿ ಎಂದು ಪೂರ್ತಿ ಸ್ವರಮೇಳ ಬಾರಿಸುವುದು. ಟ್ರಿಲ್ ಇನ್ನೂ ಇಳಿಯಬೇಕಾದ ಬಿ ಆಗಲೇ ಕೇಳಿಬಿಟ್ಟಿತು. ಒರಗಿದ್ದಕ್ಕೆ ಅರ್ಥ ಉಳಿಯಲಿಲ್ಲ. ಒಳಗಿನ ಸ್ವರದಲ್ಲಿ ಮೊದಲು ಎ ಹಿಡಿದು, ಟ್ರಿಲ್ ಬಡಿಯಲು ಶುರುವಾದಾಗ ಜಿ ಶಾರ್ಪ್‌ಗೆ ಇಳಿಸಿದರೆ ಎರಡೂ ಒಟ್ಟಿಗೆ ಸಡಿಲಗೊಳ್ಳುತ್ತವೆ.

ಇನ್ನು ಮೊದಲ ಎರಡು ಬಾರ್. ಇ–ಸಿ, ಡಿ–ಬಿ ಎರಡೂ ಮೂರನೇ ಸ್ವರಕ್ಕೆ ಇಳಿಯುವ ಜಿಗಿತಗಳು; ನಡುವಿನ ಸ್ವರವನ್ನು ಅಪೊಜಿಯಾಟುರವಾಗಿ ತುಂಬಿಸಲು ಹೇಳಿಮಾಡಿಸಿದ ಜಾಗ. ಆದರೆ ಅದು ಬೀಟ್‌ಗೆ ಮೊದಲೋ, ಬೀಟ್ ಮೇಲೋ? ಇಲ್ಲಿ ಆ ಕಾಲದವರಲ್ಲೇ ಒಮ್ಮತವಿಲ್ಲ. ಕೊಳಲುವಾದಕ ಕ್ವಾಂಟ್ಸ್ 1752ರಲ್ಲಿ, ಹೀಗೆ ಮೂರನೆಯದಕ್ಕೆ ಇಳಿಯುವ ಸ್ವರಗಳ ನಡುವಿನ ಪುಟ್ಟ ಸ್ವರ ಬೀಟ್‌ಗೆ ಮೊದಲೇ ಬರಬೇಕು ಎನ್ನುತ್ತಾನೆ. ಮರುವರ್ಷವೇ ಬಾಖ್‌ನ ಮಗ ಕಾರ್ಲ್ ಫಿಲಿಪ್ ಇಮಾನುಯೆಲ್, ಪುಟ್ಟ ಸ್ವರಗಳೆಲ್ಲ ಬೀಟ್ ಮೇಲೆಯೇ ಬೀಳಬೇಕು ಎಂದು ಬರೆದ. ಇಬ್ಬರೂ ಪ್ರಷ್ಯಾದ ರಾಜ ಫ್ರೆಡರಿಕ್‌ನ ಆಸ್ಥಾನದಲ್ಲಿ ಇದ್ದವರು. ಒಂದು ಪುಸ್ತಕ ಹಿಡಿದು ಇದೇ ಸರಿ ಎಂದು ವಾದಿಸುವವರು ಇನ್ನೊಂದನ್ನೂ ತೆರೆದು ನೋಡಲಿ ಎಂಬುದು ನನ್ನ ಆಸೆ.

ಹಾಗಾಗಿ ಎರಡನ್ನೂ ಬೇಸ್ ಜೊತೆಗಿಟ್ಟು ಕೇಳುತ್ತೇನೆ. ಮೊದಲ ಬಾರ್‌ನಲ್ಲಿ ಬೇಸ್ ಎ ಮೇಲೆ ಡಿ ಬಿದ್ದರೆ ಮೃದುವಾದ ಘರ್ಷಣೆ. ಸಿಗೆ ಇಳಿದಾಗ ಹಿತ. ಎರಡನೇ ಬಾರ್‌ನಲ್ಲಿ ಜಿ ಶಾರ್ಪ್ ಮೇಲೆ ಸಿ ಬಿದ್ದರೆ ಘರ್ಷಣೆ ತುಂಬ ಚೂಪು, ಬಿಗೆ ಇಳಿಯುವ ಹೊತ್ತಿಗೆ ಉಸಿರು ಬಿಟ್ಟಂತಾಗುತ್ತದೆ. ಎರಡೂ ಕಡೆ ಬೀಟ್ ಮೇಲೇ ಹಾಕಿದರೆ ಮೊದಲನೆಯದು ಎರಡನೆಯದರ ಬಲವನ್ನು ತಿಂದುಹಾಕುತ್ತದೆ. ಅದಕ್ಕೆ ಮೊದಲ ಬಾರ್‌ನಲ್ಲಿ ಡಿ ಅನ್ನು ಬೀಟ್‌ಗೆ ಮೊದಲು, ಹಗುರವಾಗಿ. ಎರಡನೇ ಬಾರ್‌ನಲ್ಲಿ ಸಿ ಅನ್ನು ಎರಡನೇ ಬೀಟ್ ಮೇಲೆ, ಪೂರ್ತಿ ಒರಗಿ. ಸಾರಾಬಾಂದ್‌ನ ತೂಕ ಇರುವುದೂ ಆ ಎರಡನೇ ಬೀಟ್ ಮೇಲೆಯೇ. ಉದ್ದಕ್ಕೆ ಸೂತ್ರ ಸುಲಭ: ಸಮನಾಗಿ ಒಡೆಯಬಹುದಾದ ಸ್ವರವಾದರೆ ಅಪೊಜಿಯಾಟುರಕ್ಕೆ ಅರ್ಧ, ಚುಕ್ಕಿ ಇರುವ ಸ್ವರವಾದರೆ ಮೂರರಲ್ಲಿ ಎರಡು ಪಾಲು. ಇಲ್ಲಿ ಬಿಗೆ ಎರಡು ಬೀಟ್, ಆದ್ದರಿಂದ ಎರಡನೇ ಬೀಟ್‌ಗೆ ಸಿ, ಮೂರನೆಯದಕ್ಕೆ ಬಿ. ಸಿ ಗಟ್ಟಿಯಾಗಿ, ಬಿ ಮೆಲ್ಲಗೆ. ಹಾರ್ಪ್ಸಿಕಾರ್ಡ್‌ನಲ್ಲಿ ಗಟ್ಟಿ–ಮೆಲ್ಲಗೆ ಮಾಡಲಾಗದು. ಅಲ್ಲಿ ಬಿ ಒತ್ತಿದ ಮೇಲೂ ಸಿ ಅನ್ನು ಕ್ಷಣಕಾಲ ಬಿಡದೆ ಹಿಡಿದು, ಬಿಯನ್ನು ಸ್ವಲ್ಪ ಬೇಗ ಬಿಟ್ಟರೆ ಅದೇ ಪರಿಣಾಮ ಬರುತ್ತದೆ.

ಎರಡನೇ ಬಾರ್‌ನ ಮೊದಲ ಬೀಟ್‌ನ ಡಿಗೂ ಮೇಲಿನಿಂದ ಇ ಹಚ್ಚೋಣ ಅನ್ನಿಸುವುದುಂಟು. ಪರೀಕ್ಷೆ ಮಾಡಿ: ಜಿ ಶಾರ್ಪ್ ಮೇಲೆ ಇ ಹಿತವಾಗಿಯೇ ಇದೆ, ಇಳಿದು ಸೇರುವ ಡಿಯೇ ಘರ್ಷಣೆಯ ಸ್ವರ. ಹಿತದಿಂದ ಬಿಗಿತಕ್ಕೆ ಇಳಿಯುವ ಅಪೊಜಿಯಾಟುರ ಒರಗಿದಂತೆ ಕೇಳುವುದೇ ಇಲ್ಲ. ಆ ಡಿ ಹಾಗೇ ಇರಲಿ.

ಕೊನೆಯ ಎಗೆ ಚುಕ್ಕಿಯಿದೆ, ಮೂರು ಬೀಟ್. ಕೆಳಗಿನಿಂದ ಜಿ ಶಾರ್ಪ್ ಎರಡು ಬೀಟ್ ಒರಗಿ, ಮೂರನೇ ಬೀಟ್‌ಗೆ ಎ, ಅದರ ಮೇಲೆ ಒಂದು ಮಾರ್ಡೆಂಟ್. ಬಾಖ್‌ನ ಪಟ್ಟಿಯಲ್ಲಿ ಅಪೊಜಿಯಾಟುರವೂ ಮಾರ್ಡೆಂಟೂ ಕೂಡಿದ ಅಲಂಕಾರವಿದೆಯಲ್ಲ, ಅದೇ ಇದು. ಮಾರ್ಡೆಂಟ್‌ನ ಕೆಳಸ್ವರವೂ ಜಿ ಶಾರ್ಪ್ ಆಗಿರಬೇಕು. ಜಿ ನ್ಯಾಚುರಲ್ ಹಾಕಿದರೆ ಮುಕ್ತಾಯದ ಬಿಗಿ ಹೋಗುತ್ತದೆ. ಆದರೆ ಇಲ್ಲಿ ಮೂರನೇ ಬಾರ್‌ಗೆ ಮತ್ತೆ ಹೋಗಬೇಕಾಗುತ್ತದೆ. ಟ್ರಿಲ್ಲಿನ ಕೊನೆಯಲ್ಲಿ ಎ ಮುಟ್ಟಿದ್ದೆವು. ಈಗ ಜಿ ಶಾರ್ಪ್ ಮೇಲೆ ಒರಗುವುದಾದರೆ ಆ ಎ ಬೇಡ, ತಲುಪುವ ಸ್ವರವನ್ನು ಮೊದಲೇ ಕೇಳಿಸಿದಂತಾಗುತ್ತದೆ. ಅದನ್ನು ಬಿಟ್ಟು, ಬಿಯಿಂದ ಸೀದಾ ಜಿ ಶಾರ್ಪ್‌ಗೆ ಬಂದರೆ ಸರಿ. ಎರಡೂ ಬೇಕೆಂದರೆ ಎರಡೂ ಕೆಡುತ್ತವೆ. ಎಡಗೈ ಕೂಡ ಕೊನೆಯ ಬಾರ್‌ನಲ್ಲಿ ಬೇಸ್ ಎ ಮಾತ್ರ ಹೊಸದಾಗಿ ಒತ್ತಿ, ಮೇಲಿನ ಇ ಮತ್ತು ಬಿ ಹಾಗೇ ಹಿಡಿದಿದ್ದು, ಮೂರನೇ ಬೀಟ್‌ಗೆ ಬಿಯನ್ನು ಸಿಗೆ ಸರಿಸಬೇಕು.

ಈ ಎಲ್ಲ ಆದ ಮೇಲೆ ನಾನು ತಪ್ಪದೆ ಮಾಡುವುದು ಇಷ್ಟು: ಅಲಂಕೃತ ರೂಪ ನುಡಿಸುತ್ತಾ ಸಾದಾ ರಾಗವನ್ನು ಬಾಯಲ್ಲಿ ಹಾಡುವುದು. ಹಾಡು ಎಲ್ಲಿ ಕಾಯಬೇಕಾಗುತ್ತದೋ ಅಲ್ಲಿ ಅಲಂಕಾರ ಬೀಟ್ ಕದ್ದಿದೆ. ಸಾಮಾನ್ಯವಾಗಿ ಅದು ಟ್ರಿಲ್ಲಿನ ನಿಲುಗಡೆಯೇ ಆಗಿರುತ್ತದೆ. ಆಗ ಬಡಿತವನ್ನು ಕಡಿಮೆ ಮಾಡುತ್ತೇನೆ, ಸಿ–ಬಿ–ಸಿ–ಬಿ ನಾಲ್ಕೇ ಸ್ವರಕ್ಕೆ ಇಳಿದರೂ ಸರಿ. ಒರಗುವುದನ್ನು ಮಾತ್ರ ಕಡಿಮೆ ಮಾಡುವುದಿಲ್ಲ.